ಡಿಸ್ಕಾ, ಶೆಲ್ಲಾ? ಫೋಟೋ ಕಳ್ಸೋರಿಗೆಲ್ಲ ಒಂದೇ ಸಲ ಉತ್ತರ

"ಸಾರ್, ಫೋಟೋ ಕಳ್ಸಿದೀನಿ ನೋಡಿ, ಈ ಶೇಡ್ ಮಾಡಿರೋ ಭಾಗ ತಿರುಗಿಸಿದ್ರೆ ವಾಲ್ಯೂಮ್ ಎಷ್ಟು? ಡಿಸ್ಕ್ ಹಾಕೋದಾ ಶೆಲ್ ಹಾಕೋದಾ?"

ಯಾವುದ್ರ ಸುತ್ತ ತಿರುಗಿಸ್ಬೇಕು ಅನ್ನೋದೇ ಫೋಟೋದಲ್ಲಿ ಇರಲ್ಲ ಮಾರಾಯ್ರೇ! ಚಿತ್ರ ಮಾತ್ರ ಜೂಮ್ ಮಾಡಿ ತೆಗ್ದಿರ್ತೀರಾ, ಮೇಲಿನ ಪ್ರಶ್ನೆ ಕಟ್ ಆಗಿರತ್ತೆ. ಮೊನ್ನೆ ಒಬ್ರು ಗ್ರಾಫ್ ಶೀಟ್ ಮೇಲೆ ಬರೆದು ಕಳ್ಸಿದ್ದನ್ನೇ ತಗೊಳ್ಳೋಣ. `y = 4x − x²`, ಕೆಳಗೆ x ಆಕ್ಸಿಸ್, 0 ಇಂದ 4 ವರೆಗೆ ಒಂದು ಗುಡ್ಡ, ತುದಿ ಎತ್ತರ 4. ಇದನ್ನ x ಆಕ್ಸಿಸ್ ಸುತ್ತ ತಿರುಗಿಸಿದ್ರೆ 512π/15 ಬರತ್ತೆ, y ಆಕ್ಸಿಸ್ ಸುತ್ತ ತಿರುಗಿಸಿದ್ರೆ 128π/3. ಒಂದೇ ಫೋಟೋ, ಉತ್ತರ ಎರಡು. ಅವರಿಗೆ ಬೇಕಾಗಿದ್ದು y ಆಕ್ಸಿಸ್ದು.

ಈಗ ಆ ಗುಡ್ಡದ ಮೇಲೆ ಪೆನ್ಸಿಲಲ್ಲಿ ಒಂದು ತೆಳ್ಳನೆ ಪಟ್ಟಿ ಎಳೀರಿ. ಅಡ್ಡಕ್ಕೆ ಎಳೆದ್ರೆ ಅದು y ಆಕ್ಸಿಸ್‌ಗೆ ಲಂಬ ಕೋನದಲ್ಲಿರತ್ತೆ, ತಿರುಗಿಸಿದಾಗ ಕೋಡುಬಳೆ ಥರ ಮಧ್ಯೆ ತೂತಿರೋ ಬಿಲ್ಲೆ ಆಗತ್ತೆ, ಡಿಸ್ಕ್ ಮೆಥಡ್ ಅಂದ್ರೆ ಇದೇ, ತೂತಿದ್ರೆ ವಾಷರ್ ಅಂತಾರೆ ಅಷ್ಟೆ. ಉದ್ದಕ್ಕೆ ಎಳೆದ್ರೆ ಪಟ್ಟಿ ಆಕ್ಸಿಸ್‌ಗೆ ಪ್ಯಾರಲಲ್, ತಿರುಗಿಸಿದ್ರೆ ಪೈಪಿನ ತುಂಡಾಗತ್ತೆ, ಆ ಪೈಪನ್ನ ಸೀಳಿ ಚಾಪೆ ಥರ ಬಿಚ್ಚಿ ಹಾಸಿದ್ರೆ ಉದ್ದ 2πx, ಎತ್ತರ 4x − x², ದಪ್ಪ dx, ಇದು ಶೆಲ್.

ಶೆಲ್ಲಲ್ಲಿ ಪಟ್ಟಿಯ ಕೆಳತುದಿ ಯಾವಾಗ್ಲೂ x ಆಕ್ಸಿಸ್ ಮೇಲೆ, ಮೇಲ್ತುದಿ ಕರ್ವ್ ಮೇಲೆ, ಹಾಗಾಗಿ ಸೀದಾ ಬರೀಬಹುದು:

`V = 2π ∫₀⁴ x(4x − x²) dx = 2π · 64/3 = 128π/3`

ಡಿಸ್ಕಲ್ಲೂ ಆಗತ್ತೆ, ಆದ್ರೆ ಅಡ್ಡ ಪಟ್ಟಿಯ ಎರಡೂ ತುದಿ ಅದೇ ಕರ್ವ್ ಮೇಲೆ ಕೂತಿರೋದ್ರಿಂದ x ಗೆ ಸಾಲ್ವ್ ಮಾಡ್ಬೇಕು, `x = 2 ± √(4 − y)`. ಹೊರಗಿನ ರೇಡಿಯಸ್ ಪ್ಲಸ್‌ದು, ಒಳಗಿಂದು ಮೈನಸ್‌ದು. R² − r² ಮಾಡಿದ್ರೆ 8√(4 − y) ಉಳಿಯತ್ತೆ, ಅದನ್ನ π ಜೊತೆ 0 ಇಂದ 4 ಇಂಟಿಗ್ರೇಟ್ ಮಾಡಿದ್ರೆ ಮತ್ತೆ 128π/3 ನೇ. ನಿಮ್ಗೆ 32π ಬಂದಿದ್ರೆ ಎಲ್ಲಿ ಎಡವಿದ್ರಿ ಅಂತ ನೋಡದೇನೇ ಹೇಳ್ತೀನಿ, ಮೊದ್ಲು ಕಳೆದು ಆಮೇಲೆ ಸ್ಕ್ವೇರ್ ಮಾಡಿದೀರಾ, ಅಂದ್ರೆ (R − r)². ಹಾಗೆ ಮಾಡಿದ್ರೆ ತೂತಿನ ಲೆಕ್ಕಾನೇ ಹಾಳಾಗತ್ತೆ. ಚೆಕ್ ಮಾಡೋಕೆ ಅಲೆಕ್ಸಾಂಡ್ರಿಯಾದ ಪ್ಯಾಪಸ್‌ನ ನಿಯಮ ಇದೆ: ಗುಡ್ಡದ ಏರಿಯಾ 32/3, ಎಡಬಲ ಸಮ ಇರೋದ್ರಿಂದ ಅದರ ಮಧ್ಯ x = 2 ರಲ್ಲಿ, ಆ ಮಧ್ಯ ಸುತ್ತೋ ದೂರ 4π, ಗುಣಿಸಿದ್ರೆ ಆಯ್ತು.

ಸಮೀಕರಣ ಕೊಟ್ಟಿದ್ರೆ ಎರಡೂ ಒಂದೇ ಅಂತಾಯ್ತಲ್ಲ, ಆದ್ರೆ ಕೆಲವರು ಬರೀ ಕರ್ವ್ ಇರೋ ಫೋಟೋ ಕಳ್ಸ್ತಾರೆ, ಸಮೀಕರಣ ಇಲ್ಲ, ಚೌಕ ಎಣಿಸಿ ಓದ್ಕೋಬೇಕು. ವ್ಯತ್ಯಾಸ ಕಾಣೋದು ಅಲ್ಲೇ. ಇದೇ ಗುಡ್ಡದಲ್ಲಿ x = 0, 1, 2, 3, 4 ಹತ್ರ ಎತ್ತರ ಓದಿ: 0, 3, 4, 3, 0. ಪ್ರತಿಯೊಂದನ್ನೂ ಅದರ x ಇಂದ ಗುಣಿಸಿ: 0, 3, 8, 9, 0. ಸಿಂಪ್ಸನ್ ರೂಲ್ ಹಾಕಿದ್ರೆ (12 + 16 + 36)/3, ಅಂದ್ರೆ 64/3, ಚೂರೂ ತಪ್ಪಿಲ್ಲ, ಯಾಕಂದ್ರೆ ಒಳಗಿರೋದು ಕ್ಯೂಬಿಕ್, ಕ್ಯೂಬಿಕ್‌ವರೆಗೂ ಸಿಂಪ್ಸನ್ ಕರೆಕ್ಟಾಗೇ ಕೊಡತ್ತೆ. ಅದೇ ಥರ y = 0, 1, 2, 3, 4 ಹತ್ರ ಅಡ್ಡಕ್ಕೆ ಕೊಯ್ದು ಡಿಸ್ಕ್ ಮಾಡಿದ್ರೆ R² − r² ಬೆಲೆಗಳು 16, 13.86, 11.31, 8, 0, ಸಿಂಪ್ಸನ್ ಪ್ರಕಾರ ಸುಮಾರು 42.02π ಬರತ್ತೆ, ಬರ್ಬೇಕಾಗಿದ್ದು 42.67π. ಒಂದೂವರೆ ಪರ್ಸೆಂಟ್ ಕಮ್ಮಿ. ಇದು ನೀವು ಓದಿದ್ದು ಪೂರ್ತಿ ಸರಿ ಇದ್ದಾಗ್ಲೂ ಬರೋ ತಪ್ಪು!

ಕಾರಣ ಗುಡ್ಡದ ನೆತ್ತಿ. ಅಲ್ಲಿ ಕರ್ವ್ ಚಪ್ಪಟೆ, y = 3.9 ರಲ್ಲೂ ಪಟ್ಟಿ ಇನ್ನೂ 0.63 ಅಗಲ ಇರತ್ತೆ, ಆಮೇಲೆ 0.1 ಮೇಲೆ ಹೋಗೋದ್ರೊಳಗೆ ಸೊನ್ನೆ. ಪೆನ್ಸಿಲ್ ಗೆರೆ ಸ್ವಲ್ಪ ದಪ್ಪ ಇದ್ರೆ R ಎಲ್ಲಿ r ಎಲ್ಲಿ ಅಂತ ಓದೋದೇ ಕಷ್ಟ. ಎತ್ತರ ಓದೋದಕ್ಕೆ ಆ ಕಾಟ ಇಲ್ಲ, ನೆತ್ತಿ ಹತ್ರ ಸ್ವಲ್ಪ ಆಚೀಚೆ ಓದಿದ್ರೂ 4 ಸುಮಾರು 4 ಆಗೇ ಇರತ್ತೆ. ಹಾಗಾಗಿ ಈ ಫೋಟೋಗೆ y ಆಕ್ಸಿಸ್ ಸುತ್ತ ಅಂದ್ರೆ ನಾನಂತೂ ಶೆಲ್. x ಆಕ್ಸಿಸ್ ಸುತ್ತ ಅಂದ್ರೆ ಅದೇ ಎತ್ತರಗಳೇ ರೇಡಿಯಸ್ ಆಗತ್ತೆ, ಆಗ ಡಿಸ್ಕ್.

ಇನ್ನೊಂದು, ಫೋನ್ ಓರೆ ಹಿಡಿದು ಫೋಟೋ ತೆಗೀಬೇಡಿ. ಶೀಟಿನ ಕೆಳಗಿನ ನಾಲ್ಕು ಚೌಕ ಮತ್ತೆ ಮೇಲಿನ ನಾಲ್ಕು ಚೌಕ ಸ್ಕ್ರೀನ್ ಮೇಲೆ ಅಳೆದು ನೋಡಿ, ಅಗಲ ಬೇರೆ ಬೇರೆ ಇದ್ರೆ ಫೋಟೋ ಓರೆ ಅಂತ ಅರ್ಥ. ಅಂಥದ್ರಲ್ಲಿ ಸ್ಕೇಲ್ ಇಟ್ಟು ಅಳೀಬೇಡಿ, ಚೌಕ ಎಣಿಸಿ. ಉದ್ದದಲ್ಲಿ 3 ಪರ್ಸೆಂಟ್ ಎಡವಿದ್ರೆ ವಾಲ್ಯೂಮಲ್ಲಿ 9 ಪರ್ಸೆಂಟ್ ಹೋಗತ್ತೆ, ಆಗ ಡಿಸ್ಕಾ ಶೆಲ್ಲಾ ಅನ್ನೋ ಒಂದೂವರೆ ಪರ್ಸೆಂಟ್ ಜಗಳಕ್ಕೆ ಅರ್ಥಾನೇ ಇಲ್ಲ.