ಓವಲ್ ತಳ ಮಡಚಿಕೊಳ್ಳದೆ ಮಟ್ಟಸವಾಗಿ ಕೂರಬೇಕೆಂದರೆ

«ಕ್ರೋಶಾ ಬುಟ್ಟಿಗೆ ಓವಲ್ ತಳ ಹಾಕ್ತಿದ್ದೀನಿ. ನಾಲ್ಕೈದು ಸುತ್ತು ಆಗೋಷ್ಟರಲ್ಲಿ ಅಂಚು ಮೇಲೆದ್ದು ಬಟ್ಟಲು ಆಗಿಬಿಡುತ್ತೆ. ಎಲ್ಲಿ, ಎಷ್ಟು ಸ್ಟಿಚ್ ಹೆಚ್ಚಿಸಬೇಕು?»

ತುದಿಗಳಲ್ಲಿ ಮಾತ್ರ. ಸಿಂಗಲ್ ಕ್ರೋಶಾ ಆದರೆ ಒಂದೊಂದು ತುದಿಗೆ 3, ಒಟ್ಟು ಸುತ್ತಿಗೆ 6. ಎರಡು ಉದ್ದ ಬದಿಗಳಲ್ಲಿ ಒಂದೂ ಬೇಡ.

ಯಾಕೆ ಆರು ಅಂತ ತಿಳಿದುಕೊಂಡರೆ ಮುಂದಿನದ್ದೆಲ್ಲ ಸುಲಭ. ಒಂದು ವೃತ್ತವನ್ನು ನಡುವೆ ಕತ್ತರಿಸಿ, ಎರಡು ಅರ್ಧಗಳನ್ನು ದೂರ ಎಳೆದು, ಮಧ್ಯೆ ಒಂದು ಆಯತ ಇಟ್ಟರೆ ನಮ್ಮ ಓವಲ್. ಸುತ್ತು ಸುತ್ತು ಹೋದ ಹಾಗೆ ಆಯತದ ಉದ್ದ ಬದಲಾಗುವುದಿಲ್ಲ. ಅರ್ಧವೃತ್ತಗಳು ಮಾತ್ರ ದೊಡ್ಡದಾಗುತ್ತವೆ. ಮಟ್ಟಸ ವೃತ್ತದಲ್ಲಿ ಒಂದು ಸುತ್ತಿನ ಎತ್ತರ ಸೇರಿದಾಗ ಸುತ್ತಳತೆ ಅದರ 6.28 ಪಟ್ಟು ಹೆಚ್ಚಬೇಕು. ಸಿಂಗಲ್ ಕ್ರೋಶಾ ಸ್ಟಿಚ್‌ನ ಅಗಲ, ಎತ್ತರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಆರು ಸ್ಟಿಚ್. ಅಂಚು ಮೇಲೇಳುತ್ತಿದೆ ಅಂದರೆ ಸುತ್ತಳತೆ ಸಾಲುತ್ತಿಲ್ಲ ಅಂತಲೇ ಅರ್ಥ.

ಒಂದು ತಳವನ್ನು ಪೂರ್ತಿ ಹಾಕಿ ನೋಡೋಣ. 3 ಮಿ.ಮೀ. ಹತ್ತಿ ಹಗ್ಗ, 5 ಮಿ.ಮೀ. ಹುಕ್. ಸುಮಾರು 30 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲದ ತಳ ಬೇಕು ಅಂದುಕೊಳ್ಳಿ. ಉದ್ದದಲ್ಲಿ ಅಗಲ ಕಳೆದರೆ 11 ಸೆಂ.ಮೀ. ಶುರುವಿನ ಚೈನ್ ಅಷ್ಟೇ ಉದ್ದ ಇದ್ದರೆ ಸಾಕು. ತುಂಬಾ ಜನ ಬುಟ್ಟಿಯ ಪೂರ್ತಿ ಉದ್ದಕ್ಕೆ ಚೈನ್ ಹಾಕಿಬಿಡುತ್ತಾರೆ, ಆಮೇಲೆ ಬುಟ್ಟಿ ಸೊಫಾ ಉದ್ದಕ್ಕೆ ಬೆಳೆಯುತ್ತದೆ. ನನ್ನ ಕೈಗೆ ಈ ಹಗ್ಗದಲ್ಲಿ ಒಂದು ಸ್ಟಿಚ್ ಸುಮಾರು 0.8 ಸೆಂ.ಮೀ. ಬರುತ್ತದೆ. ಅಂದರೆ 11 ಸೆಂ.ಮೀ.ಗೆ ಸುಮಾರು 14, ತುದಿಗೆ ಒಂದು, ತಿರುಗಲು ಒಂದು ಸೇರಿಸಿದರೆ 16 ಚೈನ್.

ಹುಕ್‌ನಿಂದ ಎರಡನೇ ಚೈನ್‌ನಲ್ಲಿ ಶುರು ಮಾಡಿ 14 ಸ್ಟಿಚ್, ಕೊನೆಯ ಚೈನ್ ಒಂದರಲ್ಲೇ 3. ಈಗ ತುಂಡನ್ನು ತಿರುಗಿಸಿ, ಚೈನ್‌ನ ಇನ್ನೊಂದು ಬದಿಯಲ್ಲಿ 13, ಮೊದಲು ಶುರು ಮಾಡಿದ ಚೈನ್‌ನಲ್ಲೇ ಇನ್ನೂ 2. ಒಟ್ಟು 32. ಆ ಚೈನ್‌ನಲ್ಲಿ ಮೊದಲೇ ಒಂದು ಸ್ಟಿಚ್ ಇತ್ತಲ್ಲ, ಹಾಗಾಗಿ ಅಲ್ಲೂ ಮೂರಾಯಿತು. ಲೆಕ್ಕ ಹೀಗೆ ನಿಂತಿದೆ: ಬದಿಗೆ 13, ತುದಿಗೆ 3, ಬದಿಗೆ 13, ತುದಿಗೆ 3.

ಎರಡನೇ ಸುತ್ತು: ಮೊದಲ ಸ್ಟಿಚ್‌ನಲ್ಲಿ 2, ಬದಿಯ 13ರಲ್ಲಿ ಒಂದೊಂದು, ತುದಿಯ ಮೂರರಲ್ಲಿ ಎರಡೆರಡು, ಮತ್ತೆ 13, ಕೊನೆಯ ಎರಡರಲ್ಲಿ ಎರಡೆರಡು. 38 ಆಯಿತು. ಗಮನಿಸಿ, ಸುತ್ತಿನ ಮೊದಲ ಸ್ಟಿಚ್ ಬದಿಯದಲ್ಲ, ತುದಿಗೆ ಸೇರಿದ್ದು. ಗೊಂದಲ ಆಗುವುದೇ ಇಲ್ಲಿ. ಸುತ್ತು ಒಂದು ತುದಿಯ ಮಧ್ಯೆ ಶುರುವಾಗುವುದರಿಂದ ಆ ತುದಿ ಎರಡು ತುಂಡಾಗಿ ಕಾಣುತ್ತದೆ, ಅಲ್ಲಿ ಒಂದು ಇಂಕ್ರೀಸ್ ತಪ್ಪಿಹೋಗುತ್ತದೆ.

ಅದಕ್ಕೇ ಸುತ್ತಿನ ಶುರುವನ್ನು ನಂಬಿಕೊಳ್ಳುವುದಕ್ಕಿಂತ ನಾಲ್ಕು ಮಾರ್ಕರ್ ಹಾಕಿಕೊಳ್ಳುವುದು ಒಳ್ಳೆಯದು. ಮಾರ್ಕರ್ ಇಲ್ಲದಿದ್ದರೆ ಪಿನ್ನು, ಬೇರೆ ಬಣ್ಣದ ದಾರದ ತುಂಡು, ಏನಾದರೂ ನಡೆಯುತ್ತದೆ. ಎರಡೂ ಬದಿಗಳ 13 ಸ್ಟಿಚ್‌ಗಳಲ್ಲಿ ಮೊದಲನೆಯದಕ್ಕೆ ಒಂದು, ಕೊನೆಯದಕ್ಕೆ ಒಂದು. ಸುತ್ತಿನಲ್ಲಿ ಅಲ್ಲಿಗೆ ಬಂದಾಗ ಮಾರ್ಕರನ್ನು ಹೊಸ ಸ್ಟಿಚ್‌ಗೆ ಏರಿಸಿ. ಮಾರ್ಕರ್‌ಗಳ ನಡುವಿನ ಬದಿ ಯಾವ ಸುತ್ತಿನಲ್ಲೂ 13 ಇರಬೇಕು. ತುದಿಯಲ್ಲಿರುವುದು ಮಾತ್ರ 3, 6, 9, 12, 15 ಅಂತ ಏರಬೇಕು. ಒಟ್ಟು ಸಂಖ್ಯೆ ಪ್ರತಿ ಸುತ್ತಿಗೆ 6 ಹೆಚ್ಚುತ್ತದೆ: 44, 50, 56. ಹನ್ನೆರಡನೇ ಸುತ್ತಿನ ಕೊನೆಗೆ 98 ಇದ್ದರೆ ತಳ ನಮ್ಮ ಅಳತೆಗೆ ಬಂದಿರುತ್ತದೆ.

ತುದಿಯ ಒಳಗೆ ಆ ಮೂರು ಎಲ್ಲಿ ಬೀಳಬೇಕು? ಮೂರನೇ ಸುತ್ತಿನಲ್ಲಿ ಒಂದು ಸಾದಾ, ಒಂದು ಇಂಕ್ರೀಸ್, ಹೀಗೆ ಮೂರು ಸಲ. ನಾಲ್ಕರಲ್ಲಿ ಎರಡು ಸಾದಾ, ಒಂದು ಇಂಕ್ರೀಸ್ ಅಂತ ಹಾಕಬಹುದು. ಆದರೆ ಹಾಗೇ ಮುಂದುವರಿಸಿದರೆ ಇಂಕ್ರೀಸ್ ಮೇಲೆ ಇಂಕ್ರೀಸ್ ಕೂತು ತುದಿ ಗುಂಡಗಾಗದೆ ಮೂಲೆ ಮೂಲೆಯಾಗುತ್ತದೆ. ಆದ್ದರಿಂದ ನಾಲ್ಕನೇ ಸುತ್ತಿನ ತುದಿಯನ್ನು ಜರುಗಿಸಿ: 1 ಸಾದಾ, ಇಂಕ್ರೀಸ್, 2 ಸಾದಾ, ಇಂಕ್ರೀಸ್, 2 ಸಾದಾ, ಇಂಕ್ರೀಸ್, 1 ಸಾದಾ. ಐದರಲ್ಲಿ ಮತ್ತೆ 3 ಸಾದಾ, ಒಂದು ಇಂಕ್ರೀಸ್ ಅಂತ ಮೂರು ಸಲ. ಆರರಲ್ಲಿ 2, ಇಂಕ್ರೀಸ್, 4, ಇಂಕ್ರೀಸ್, 4, ಇಂಕ್ರೀಸ್, 2. ಒಂದು ಸುತ್ತು ಬಿಟ್ಟು ಒಂದು ಸುತ್ತು ಜರುಗಿಸಿದರೆ ಸಾಕು, ಪ್ರತಿ ಸಲ ತಲೆ ಕೆಡಿಸಿಕೊಳ್ಳಬೇಡಿ.

ಲೆಕ್ಕ ಸರಿ ಇದ್ದೂ ಎದ್ದರೆ? ಆಗ ಎಲ್ಲಿ ಎದ್ದಿದೆ ಅಂತ ನೋಡಬೇಕು. ಮೇಜಿನ ಮೇಲಿಟ್ಟು ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಎರಡು ಮೂರನೇ ಸುತ್ತಿನಲ್ಲಿ ಚೂರು ಏಳುವುದು ಸಾಮಾನ್ಯ, ಐದನೇ ಸುತ್ತಿನಲ್ಲಿ ನೋಡಿ ತೀರ್ಮಾನಿಸಿ. ನಡುವಿನ ಉದ್ದದ ಗೆರೆಯೇ ಬಿಲ್ಲಿನಂತೆ ಬಾಗಿದ್ದರೆ ಇಂಕ್ರೀಸ್‌ಗೆ ಬೈಯಬೇಡಿ, ಶುರುವಿನ ಚೈನ್ ಬಿಗಿಯಾಗಿದೆ. ಚೈನ್ ಮಾತ್ರ ಒಂದು ಅಳತೆ ದೊಡ್ಡ ಹುಕ್‌ನಲ್ಲಿ ಹಾಕಿ, ಆಮೇಲೆ ನಿಮ್ಮ ಹುಕ್‌ಗೆ ಬನ್ನಿ. ಹಾಕಿದ ಮೇಲೆ ಇದನ್ನು ಸರಿಮಾಡಲು ಆಗುವುದಿಲ್ಲ, ಬಿಚ್ಚಲೇಬೇಕು.

ತುದಿಗಳು ಮಾತ್ರ ಎದ್ದರೆ ನಿಮ್ಮ ಕೈಯ ಸ್ಟಿಚ್ ಅಗಲಕ್ಕಿಂತ ಎತ್ತರ ಇರಬಹುದು. ಸುಮ್ನೆ ಊಹಿಸಬೇಡಿ, ಆ ತುಂಡನ್ನೇ ಅಳೆಯಿರಿ. ಬದಿಯಲ್ಲಿ 10 ಸ್ಟಿಚ್ ಅಗಲ 8 ಸೆಂ.ಮೀ. ಇದ್ದು, 5 ಸುತ್ತಿನ ಎತ್ತರ 5 ಸೆಂ.ಮೀ. ಇದೆ ಅನ್ನಿ. ಒಂದು ಸ್ಟಿಚ್ 0.8 ಅಗಲ, 1 ಎತ್ತರ. 1ನ್ನು 0.8ರಿಂದ ಭಾಗಿಸಿ 6.28ರಿಂದ ಗುಣಿಸಿದರೆ 7.85. ಅಂದರೆ ನಿಮಗೆ ಸುತ್ತಿಗೆ 8, ತುದಿಗೆ 4. ಹಾಫ್ ಡಬಲ್ ಕ್ರೋಶಾದಲ್ಲಿ ಸಾಮಾನ್ಯವಾಗಿ 8, ಡಬಲ್‌ನಲ್ಲಿ 12 ಹಾಕುವುದೂ ಇದೇ ಕಾರಣಕ್ಕೆ. ಎತ್ತರದ ಸ್ಟಿಚ್‌ಗೆ ಸುತ್ತಳತೆ ಜಾಸ್ತಿ ಬೇಕು, ಅಲ್ವಾ? ಹಾಗಂತ ಹೆದರಿ ಸಿಕ್ಕಲ್ಲೆಲ್ಲ ಹೆಚ್ಚಿಸಿದರೆ ಅಂಚು ಕರಿದ ಹಪ್ಪಳದ ಹಾಗೆ ಅಲೆ ಅಲೆಯಾಗುತ್ತದೆ. ಆಗ ಒಂದು ಸುತ್ತು ಇಂಕ್ರೀಸ್ ಇಲ್ಲದೆ ಹಾಕಿ ನೋಡಿ.

ಇನ್ನೊಂದು ಕಾಟ ಇದೆ. ಸುತ್ತು ಮುಗಿಸಿ ಜೋಡಿಸದೆ ಸುರುಳಿಯಾಗಿ ಹೋಗುವಾಗ, ಬಲಗೈಯವರ ಸಿಂಗಲ್ ಕ್ರೋಶಾ ಸ್ಟಿಚ್ ಕೆಳಗಿನದಕ್ಕಿಂತ ಸ್ವಲ್ಪ ಬಲಕ್ಕೆ ಕೂರುತ್ತದೆ. ಮಾರ್ಕರ್‌ಗಳೂ ಮೆಲ್ಲಗೆ ಹಿಂದೆ ಸರಿಯುತ್ತವೆ, ಓವಲ್ ಓರೆಯಾಗುತ್ತದೆ. ಬದಿಗಳು ನೇರ ಕಾಣದಿದ್ದಾಗ ನಾಲ್ಕೂ ಮಾರ್ಕರ್‌ಗಳನ್ನು ಒಂದೊಂದು ಸ್ಟಿಚ್ ಮುಂದಕ್ಕೆ ಹಾಕಿ. ನಾಲ್ಕೂ ಒಟ್ಟಿಗೆ ಸರಿದರೆ 13ರ ಲೆಕ್ಕ ಕೆಡುವುದಿಲ್ಲ.

ಗೋಡೆ ಎಬ್ಬಿಸುವಾಗ ಮೊದಲ ಸುತ್ತನ್ನು ಸ್ಟಿಚ್‌ನ ಹಿಂದಿನ ಎಳೆಯಲ್ಲಿ ಮಾತ್ರ, ಒಂದೂ ಹೆಚ್ಚಿಸದೆ ಹಾಕಿ. 98ರ ಮೇಲೆ 98. ಆಗ ತಳ ಮತ್ತು ಗೋಡೆಯ ನಡುವೆ ಚೂಪಾದ ಮಡಿಕೆ ಬರುತ್ತದೆ.