ಒಂಟಿಯಾಗಿ ನೋಡಿದರೆ ಸೊನ್ನೆ: ಫಿಲ್ಟರ್, ರ‍್ಯಾಪರ್, ಎಂಬೆಡೆಡ್ ಬಗ್ಗೆ ಎಂಟು ಸಾಲಿನ ಟೇಬಲ್

ಬೈಕ್, ಸ್ಕೂಟರ್‌ಗೆ ಸಾಲ ಕೊಡುವ ಒಂದು ಕಂಪನಿಯ ಡೇಟಾ ವಿಭಾಗದಲ್ಲಿ ನನ್ನ ಕೆಲಸ. ಕಂತಿನ ತಾರೀಖಿಗೆ ಗ್ರಾಹಕರ ಬ್ಯಾಂಕ್ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗಬೇಕು. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬೌನ್ಸ್. ಯಾರ ಕಂತು ಬೌನ್ಸ್ ಆಗಬಹುದು ಅಂತ ಮೊದಲೇ ಊಹಿಸುವುದು ನಮ್ಮ ಮಾಡೆಲ್‌ನ ಕೆಲಸ. ಅದಕ್ಕೆ ಕೊಡಬಹುದಾದ ಕಾಲಂಗಳು ಸುಮಾರು 40 ಇವೆ. ಎಲ್ಲವನ್ನೂ ತುರುಕಿದರೆ ಮಾಡೆಲ್ ಏನನ್ನು ನೋಡಿ ಹೇಳ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಆರಿಸಬೇಕು.

ತಂಡಕ್ಕೆ ಹೊಸದಾಗಿ ಬಂದವರಿಗೆ ಈ ಆಯ್ಕೆಯ ಮೂರು ದಾರಿಗಳಾದ ಫಿಲ್ಟರ್, ರ‍್ಯಾಪರ್, ಎಂಬೆಡೆಡ್‌ಗಳನ್ನು ಹೇಳಿಕೊಡಲು ನಾನು ಒಂದು ಚಿಕ್ಕ ಟೇಬಲ್ ಇಟ್ಟುಕೊಂಡಿದ್ದೇನೆ. ಇವರು ನಿಜವಾದ ಗ್ರಾಹಕರಲ್ಲ, ವಿಷಯ ಕಣ್ಣಿಗೆ ಕಾಣಲಿ ಅಂತ ನಾನೇ ಕಟ್ಟಿದ ಸಾಲುಗಳು. ಆದರೆ ಅದರ ಹಿಂದಿನ ಮಾತು ನಿಜ. ವಸೂಲಿಗೆ ಊರೂರು ಸುತ್ತುವ ನಮ್ಮ ಹಿರಿಯರೊಬ್ಬರು ಒಮ್ಮೆ ಹೇಳಿದ್ದರು: "ಅಂಗಡಿಯವರಿಗೆ 5ನೇ ತಾರೀಖು ಹಾಕ್ಬೇಡಿ ಸರ್. ಬಾಡಿಗೆ, ಸಪ್ಲೈಯರ್ ಬಾಕಿ ಎಲ್ಲ ಆಗಲೇ ಕಟ್ಟಿರ್ತಾರೆ. ಸಂಬಳದವರಿಗಾದ್ರೆ 20 ಹಾಕ್ಬೇಡಿ, ಅಷ್ಟೊತ್ತಿಗೆ ಖಾತೆ ಖಾಲಿ." ಈ ಮಾತನ್ನೇ ಟೇಬಲ್‌ಗೆ ಇಳಿಸಿದ್ದೇನೆ. 1 ಅಂದರೆ ಹೌದು, 0 ಅಂದರೆ ಇಲ್ಲ. ಕಂತಿನ ದಿನ 5 ಅಲ್ಲದಿದ್ದರೆ 20. 'ಹಿಂದೆ ತಪ್ಪಿದೆ' ಅಂದರೆ ಹಿಂದೆ ಯಾವುದೋ ಕಂತು ತಪ್ಪಿದೆ ಅಂತ.

| ಸಾಲು | ಸಂಬಳದಾರ | ಕಂತು 5ಕ್ಕೆ | ಹಿಂದೆ ತಪ್ಪಿದೆ | ಹಿಂದೆ ದಂಡ | ಬೌನ್ಸ್ |
|---|---|---|---|---|---|
| 1 | 1 | 1 | 0 | 0 | 0 |
| 2 | 1 | 1 | 0 | 0 | 0 |
| 3 | 1 | 0 | 1 | 1 | 1 |
| 4 | 1 | 0 | 1 | 1 | 1 |
| 5 | 0 | 1 | 1 | 1 | 1 |
| 6 | 0 | 1 | 0 | 0 | 1 |
| 7 | 0 | 0 | 0 | 0 | 0 |
| 8 | 0 | 0 | 1 | 1 | 0 |

ಮೊದಲು ಫಿಲ್ಟರ್. ಇದು ಯಾವ ಮಾಡೆಲ್ಲನ್ನೂ ಓಡಿಸುವುದಿಲ್ಲ. ಒಂದೊಂದೇ ಕಾಲಂ ತೆಗೆದುಕೊಂಡು, ಉತ್ತರದ ಕಾಲಂ ಜೊತೆ ಅದಕ್ಕೆಷ್ಟು ನಂಟು ಅಂತ ಅಳೆದು ಅಂಕ ಕೊಡುತ್ತದೆ. ಕೋರಿಲೇಶನ್ ಲೆಕ್ಕ ಹಾಕೋಣ. 'ಹಿಂದೆ ತಪ್ಪಿದೆ' ಕಾಲಂ ಎಂಟರಲ್ಲಿ ಆರು ಸಾಲುಗಳಲ್ಲಿ ಬೌನ್ಸ್ ಜೊತೆ ಹೊಂದುತ್ತದೆ, 6 ಮತ್ತು 8ನೇ ಸಾಲಲ್ಲಿ ಮಾತ್ರ ಇಲ್ಲ. ಕೋರಿಲೇಶನ್ 0.5. ದಂಡದ ಕಾಲಂ ಅದರದ್ದೇ ನಕಲು, ಅದಕ್ಕೂ 0.5. ಈಗ 'ಸಂಬಳದಾರ' ನೋಡಿ. ನಾಲ್ಕು ಸಂಬಳದಾರರಲ್ಲಿ ಇಬ್ಬರದು ಬೌನ್ಸ್, ಉಳಿದ ನಾಲ್ವರಲ್ಲೂ ಇಬ್ಬರದು ಬೌನ್ಸ್. ಕೋರಿಲೇಶನ್ ಸೊನ್ನೆ. ಕಂತಿನ ದಿನದ್ದೂ ಹಾಗೇ, ಸೊನ್ನೆ.

ಎರಡೇ ಕಾಲಂ ಇಟ್ಟುಕೊಳ್ಳಿ ಅಂದರೆ ಫಿಲ್ಟರ್ ಆರಿಸುವುದು 'ತಪ್ಪಿದೆ' ಮತ್ತು 'ದಂಡ'. ಎರಡೂ ಒಂದೇ ಸಂಗತಿ ಹೇಳುವುದರಿಂದ ಎರಡನೆಯದು ದಂಡಕ್ಕೆ ದಂಡ. ಎಷ್ಟೇ ಜಾಣ ಮಾಡೆಲ್ ಹಾಕಿದರೂ ಎಂಟಕ್ಕೆ ಆರೇ ಸರಿ. ಅತ್ತ, ಸೊನ್ನೆ ಅಂಕ ಪಡೆದು ಹೊರಬಿದ್ದ ಎರಡು ಕಾಲಂಗಳನ್ನು ಜೊತೆಗಿಟ್ಟರೆ ಎಂಟಕ್ಕೆ ಎಂಟು ಸರಿ: ಎರಡೂ ಒಂದೇ ಆಗಿದ್ದರೆ ಬೌನ್ಸ್ ಇಲ್ಲ, ಬೇರೆ ಬೇರೆ ಆಗಿದ್ದರೆ ಬೌನ್ಸ್. ಒಂದೂ ತಪ್ಪುವುದಿಲ್ಲ. ಬೀಗವನ್ನೂ ಕೀಲಿಕೈಯನ್ನೂ ಬೇರೆ ಬೇರೆ ಪರೀಕ್ಷಿಸಿ, ಎರಡೂ ಕೆಲಸಕ್ಕೆ ಬರಲ್ಲ ಅಂತ ಬಿಸಾಕಿದ ಹಾಗೆ.

ಕೋರಿಲೇಶನ್ ನೇರ ಗೆರೆಯ ನಂಟನ್ನು ಮಾತ್ರ ನೋಡುತ್ತದೆ, ಯಾವ ಬಗೆಯ ನಂಟನ್ನಾದರೂ ಅಳೆಯುವ ಮ್ಯೂಚುಯಲ್ ಇನ್ಫರ್ಮೇಶನ್ ಹಾಕಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹೋಗುವುದಿಲ್ಲ. ಅದರಲ್ಲೂ 'ತಪ್ಪಿದೆ'ಗೆ ಸುಮಾರು 0.19 ಬಿಟ್, ಸಂಬಳ ಮತ್ತು ದಿನಕ್ಕೆ ಮತ್ತೆ ಸೊನ್ನೆಯೇ. ಕೈ-ಸ್ಕ್ವೇರ್‌ನಲ್ಲೂ ಅದೇ ಕಥೆ. ತೊಂದರೆ ಅಳತೆಗೋಲಿನದ್ದಲ್ಲ, ಒಂದೊಂದೇ ಕಾಲಂ ನೋಡುವುದರದ್ದು.

ರ‍್ಯಾಪರ್ ಈ ತೊಂದರೆಗೆ ನೇರ ಉತ್ತರ. ಕಾಲಂಗಳ ಒಂದು ಗುಂಪನ್ನು ತೆಗೆದುಕೊ, ಅದರ ಮೇಲೆ ಮಾಡೆಲ್ ತರಬೇತಿ ಮಾಡು, ಎಷ್ಟು ಸರಿ ಬಂತು ನೋಡು, ಗುಂಪು ಬದಲಿಸಿ ಮತ್ತೆ ಮಾಡು. ನಾಲ್ಕು ಕಾಲಂ ಇದ್ದರೆ ಇರುವುದೇ 15 ಗುಂಪು, ಎಲ್ಲವನ್ನೂ ನೋಡಬಹುದು. 40 ಕಾಲಂ ಆದರೆ ಗುಂಪುಗಳ ಸಂಖ್ಯೆ ಒಂದು ಲಕ್ಷ ಕೋಟಿ ದಾಟುತ್ತದೆ. ಆದ್ದರಿಂದ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು. ಎಡವುವುದೂ ಅಲ್ಲೇ.

ಫಾರ್ವರ್ಡ್ ಅಂದರೆ ಖಾಲಿಯಿಂದ ಶುರು ಮಾಡಿ ಒಂದೊಂದೇ ಸೇರಿಸುತ್ತಾ ಹೋಗುವುದು. ನಮ್ಮ ಟೇಬಲ್‌ನಲ್ಲಿ ಮೊದಲ ಸುತ್ತಿಗೆ 'ತಪ್ಪಿದೆ' ಗೆಲ್ಲುತ್ತದೆ, ಆರು ಸರಿ. ಸಂಬಳ ಒಂದೇ ಆದರೆ ನಾಲ್ಕು ಸರಿ, ದಿನ ಒಂದೇ ಆದರೂ ನಾಲ್ಕು. ಎರಡನೇ ಸುತ್ತಿಗೆ 'ತಪ್ಪಿದೆ' ಜೊತೆ ಸಂಬಳ ಸೇರಿಸಿದರೆ ಆರು. ದಿನ ಸೇರಿಸಿದರೆ ಆರು. ದಂಡ ಸೇರಿಸಿದರೂ ಆರು. ಯಾವುದರಿಂದಲೂ ಲಾಭವಿಲ್ಲ ಅಂತ ಅಲ್ಲಿಗೇ ನಿಲ್ಲುತ್ತದೆ. ಅಷ್ಟೆಲ್ಲ ಮಾಡೆಲ್ ಓಡಿಸಿದ ಮೇಲೂ ಫಿಲ್ಟರ್ ನಿಂತ ಜಾಗದಲ್ಲೇ ನಾವೂ ನಿಂತಿರುತ್ತೇವೆ.

ಬ್ಯಾಕ್‌ವರ್ಡ್ ಉಲ್ಟಾ. ನಾಲ್ಕೂ ಕಾಲಂ ಇಟ್ಟು ಶುರು ಮಾಡಿ, ತೆಗೆದರೂ ನಷ್ಟವಾಗದ್ದನ್ನು ತೆಗೆಯುತ್ತಾ ಬರುವುದು. ನಾಲ್ಕೂ ಇದ್ದಾಗ ಎಂಟು ಸರಿ. ದಂಡ ತೆಗೆದರೂ ಎಂಟು. ಆಮೇಲೆ 'ತಪ್ಪಿದೆ' ತೆಗೆದರೂ ಎಂಟೇ. ಈಗ ಉಳಿದ ಎರಡರಲ್ಲಿ ಒಂದನ್ನು ತೆಗೆದು ನೋಡಿ, ನಾಲ್ಕಕ್ಕೆ ಕುಸಿಯುತ್ತದೆ. ಹಾಗಾಗಿ ನಿಲ್ಲುತ್ತದೆ. ಕೈಯಲ್ಲಿ ಉಳಿದದ್ದು ಸಂಬಳ ಮತ್ತು ದಿನ, ಬೇಕಾಗಿದ್ದ ಜೋಡಿಯೇ. ಜೋಡಿ ಮೊದಲಿಂದ ಒಟ್ಟಿಗೇ ಇದ್ದಿದ್ದರಿಂದ ಬ್ಯಾಕ್‌ವರ್ಡ್‌ಗೆ ಅದರ ಬೆಲೆ ಗೊತ್ತಾಯಿತು. ಒಂದು ಷರತ್ತಿದೆ: ಒಳಗೆ ಕೂತ ಮಾಡೆಲ್‌ಗೆ ಜೋಡಿಯನ್ನು ಹಿಡಿಯುವ ಶಕ್ತಿ ಇರಬೇಕು. ಅಲ್ಲಿ ಪ್ರತಿ ಕಾಲಂ ಅನ್ನು ಒಂದು ಗುಣಾಂಕದಿಂದ ಗುಣಿಸಿ ಕೂಡಿಸುವ ಬರೀ ಲಾಜಿಸ್ಟಿಕ್ ರಿಗ್ರೆಶನ್ ಇಟ್ಟರೆ ಬ್ಯಾಕ್‌ವರ್ಡ್ ಕೂಡ ಏನೂ ಮಾಡಲಾಗದು.

ಖರ್ಚಿನ ಮಾತೂ ಇದೆ. 40 ಕಾಲಂನಿಂದ 8 ಆರಿಸಲು ಫಾರ್ವರ್ಡ್‌ಗೆ 292 ಗುಂಪು ನೋಡಬೇಕು. ಡೇಟಾವನ್ನು ಐದು ಭಾಗ ಮಾಡಿ, ಪ್ರತಿ ಸಲ ಒಂದನ್ನು ಪರೀಕ್ಷೆಗೆ ಬಿಟ್ಟು ಉಳಿದದ್ದರಿಂದ ಕಲಿಸುವ ಐದು ಮಡಿಕೆಯ ಕ್ರಾಸ್ ವ್ಯಾಲಿಡೇಶನ್ ಆದರೆ 1,460 ಸಲ ತರಬೇತಿ. ಬ್ಯಾಕ್‌ವರ್ಡ್‌ನಲ್ಲಿ 40ರಿಂದ 8ಕ್ಕೆ ಇಳಿಯುವಷ್ಟರಲ್ಲಿ ಇದಕ್ಕಿಂತ ಜಾಸ್ತಿ ಸುತ್ತು, ಅದೂ ದೊಡ್ಡ ದೊಡ್ಡ ಗುಂಪಿನ ಮೇಲೆ. ಸಾವಿರ ಕಾಲಂ ಇರುವ ಕಡೆ ನಾನಂತೂ ಅದರ ತಂಟೆಗೇ ಹೋಗುವುದಿಲ್ಲ.

ಎಂಬೆಡೆಡ್ ಅಂದರೆ ಆಯ್ಕೆಗೆ ಬೇರೆ ಹಂತ ಇಲ್ಲ. ಮಾಡೆಲ್ ಕಲಿಯುತ್ತಿರುವಾಗಲೇ ಬೇಡದ್ದನ್ನು ಬಿಡುತ್ತದೆ. ಎಲ್ಲರಿಗೂ ಗೊತ್ತಿರುವ ಉದಾಹರಣೆ ಲ್ಯಾಸೊ. ಅದು ಗುಣಾಂಕಗಳ ಗಾತ್ರಕ್ಕೆ ದಂಡ ಹಾಕುವುದರಿಂದ ಕೆಲವು ಗುಣಾಂಕ ಪೂರ್ತಿ ಸೊನ್ನೆಗೆ ಇಳಿಯುತ್ತವೆ. ನಮ್ಮ ಟೇಬಲ್ ಮೇಲೆ ಗಟ್ಟಿ ದಂಡದ ಲ್ಯಾಸೊ ಹಾಕಿದರೆ ಉಳಿಯುವುದು 'ತಪ್ಪಿದೆ' ಅಥವಾ ಅದರ ನಕಲಾದ 'ದಂಡ'. ಎರಡರಲ್ಲಿ ಯಾವುದು ಅನ್ನುವುದಕ್ಕೆ ಅರ್ಥವಿಲ್ಲ. ಕಾಲಂಗಳ ಕ್ರಮ ಬದಲಿಸಿದರೆ ಆಯ್ಕೆಯೂ ಬದಲಾಗಬಹುದು. ದಂಡ ಸಡಿಲಿಸಿದರೆ ಕಂತಿನ ದಿನ ಸ್ವಲ್ಪ ಒಳಗೆ ಬರುತ್ತದೆ, ಸಂಬಳದ ಗುಣಾಂಕ ಮಾತ್ರ ಸೊನ್ನೆಯಲ್ಲೇ ಇರುತ್ತದೆ. ಸರಿಯುತ್ತರ ಆರೇ. ಕೂಡಿಸುವ ಮಾಡೆಲ್‌ಗೆ ಜೋಡಿಯ ಆಟ ಕಾಣುವುದಿಲ್ಲ.

ಹೌದು-ಇಲ್ಲ ಪ್ರಶ್ನೆ ಕೇಳುತ್ತಾ ಸಾಲುಗಳನ್ನು ಹಂತ ಹಂತವಾಗಿ ಒಡೆಯುವ ಡಿಸಿಷನ್ ಟ್ರೀ ಇನ್ನೂ ಸ್ವಾರಸ್ಯ. ಅದು ಬೇರಿನಲ್ಲಿ 'ತಪ್ಪಿದೆ' ಮೇಲೆ ಒಡೆಯುತ್ತದೆ, ಯಾಕೆಂದರೆ ಆ ಹಂತದಲ್ಲಿ ಸಂಬಳ, ದಿನ ಎರಡರಿಂದಲೂ ಲಾಭ ಸೊನ್ನೆ. ಎರಡನೇ ಹಂತದಲ್ಲಿ ಎರಡೂ ಕಡೆ ಸಂಬಳದ ಮೇಲೆ ಒಡೆಯುತ್ತದೆ. ಮೂರನೇ ಹಂತದಲ್ಲಿ ದಿನದ ಮೇಲೆ. ಆಗ ಎಂಟೂ ಸರಿ. ಯಾವ ಕಾಲಂನಿಂದ ಎಷ್ಟು ಲಾಭ ಅಂತ ಹೇಳುವ `feature_importances_` ತೆಗೆದು ನೋಡಿದರೆ ದಿನಕ್ಕೆ 0.5, ಸಂಬಳಕ್ಕೆ 0.25, 'ತಪ್ಪಿದೆ'ಗೆ 0.25. ಬೇರಿನಲ್ಲಿ 'ತಪ್ಪಿದೆ'ಗೂ ನಕಲಿಗೂ ಸಮಬಲ ಆದ್ದರಿಂದ ಆ 0.25 ದಂಡದ ಹೆಸರಿಗೂ ಹೋಗಬಹುದು.

ಈಗ `max_depth=2` ಕೊಡಿ. ಅದೇ ಟೇಬಲ್, ಅದೇ ಟ್ರೀ. 'ತಪ್ಪಿದೆ'ಗೆ 0.5, ಸಂಬಳಕ್ಕೆ 0.5, ಕಂತಿನ ದಿನಕ್ಕೆ ಸೊನ್ನೆ! ಒಂದು ಹಂತ ಕಮ್ಮಿ ಮಾಡಿದ್ದಕ್ಕೆ ಮೊದಲ ಸ್ಥಾನದಲ್ಲಿದ್ದ ಕಾಲಂ ಪಟ್ಟಿಯಿಂದಲೇ ಹೊರಗೆ. ಮೀಟಿಂಗ್‌ನಲ್ಲಿ ಬಾರ್ ಚಾರ್ಟ್ ಹಾಕಿ "ಈ ಕಾಲಂ ಮುಖ್ಯ ಅಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಟ್ರೀ ಎಷ್ಟು ಆಳ ಇತ್ತು ಅಂತ. ಆಳವಾದ ಟ್ರೀಯಲ್ಲೂ 'ತಪ್ಪಿದೆ'ಗೆ ಕಾಲು ಪಾಲು ಅಂಕ ಸಿಕ್ಕಿದೆ, ಅಲ್ವಾ? ಬ್ಯಾಕ್‌ವರ್ಡ್ ಅದನ್ನು ನಿರಾಳವಾಗಿ ತೆಗೆದುಹಾಕಿತ್ತು. ಟ್ರೀ ಬಳಸಿದೆ ಅಂದ ಮಾತ್ರಕ್ಕೆ ಅದಿಲ್ಲದೆ ನಡೆಯಲ್ಲ ಅಂತಲ್ಲ.

ಇಷ್ಟೂ ಹೊತ್ತು ಕಲಿತ ಸಾಲುಗಳ ಮೇಲೇ ಅಂಕ ಎಣಿಸಿದ್ದೇವೆ. ಪಾಠಕ್ಕೆ ಅದು ನಡೆಯುತ್ತದೆ, ಕೆಲಸಕ್ಕೆ ನಡೆಯುವುದಿಲ್ಲ. ನಿಜವಾದ ಡೇಟಾದಲ್ಲಿ ಮೂರೂ ದಾರಿಗೆ ಸಮಾನವಾದ ಒಂದು ಅಪಾಯ ಇದೆ: ಪೂರ್ತಿ ಡೇಟಾ ನೋಡಿ ಕಾಲಂ ಆರಿಸಿಕೊಂಡು, ಆಮೇಲೆ ಕ್ರಾಸ್ ವ್ಯಾಲಿಡೇಶನ್ ಮಾಡುವುದು. ಪರೀಕ್ಷೆಗೆ ಇಟ್ಟ ಸಾಲುಗಳ ಉತ್ತರ ಆಯ್ಕೆಯ ಹೊತ್ತಿಗೇ ಸೋರಿರುತ್ತದೆ. ಉತ್ತರದ ಕಾಲಂ ನಾಣ್ಯ ಚಿಮ್ಮಿ ತುಂಬಿದ್ದಾದರೂ, ಸಾಲು ಕಡಿಮೆ ಇದ್ದು ಕಾಲಂ ಜಾಸ್ತಿ ಇದ್ದರೆ ಅಂಕ ಅರ್ಧಕ್ಕಿಂತ ಎಷ್ಟೋ ಮೇಲೆ ಕಾಣಿಸುತ್ತದೆ. ಆದ್ದರಿಂದ ಆಯ್ಕೆ ಯಾವಾಗಲೂ ಹಂತಗಳನ್ನು ಒಂದರ ಹಿಂದೆ ಒಂದು ಓಡಿಸುವ ಪೈಪ್‌ಲೈನ್ ಒಳಗೇ ಇರಬೇಕು, ಪ್ರತಿ ಮಡಿಕೆಯಲ್ಲೂ ಹೊಸದಾಗಿ ನಡೆಯಬೇಕು.

```python
pipe = Pipeline([
    ("pick", SelectKBest(mutual_info_classif, k=8)),
    ("clf", LogisticRegression(max_iter=1000)),
])
cross_val_score(pipe, X, y, cv=5)
```

ರ‍್ಯಾಪರ್‌ಗೆ ಇಷ್ಟೂ ಸಾಲದು. ನೂರಾರು ಗುಂಪು ನೋಡಿ ಅತಿ ಒಳ್ಳೆ ಅಂಕದ್ದನ್ನು ಎತ್ತಿಕೊಂಡರೆ ಆ ಅಂಕದಲ್ಲಿ ಅದೃಷ್ಟದ ಪಾಲೂ ಸೇರಿರುತ್ತದೆ. ಅದಕ್ಕೇ ಕೊನೆಯ ತಿಂಗಳುಗಳ ಡೇಟಾವನ್ನು ನಾವು ಮುಟ್ಟದೆ ಪಕ್ಕಕ್ಕಿಡುತ್ತೇವೆ.

ನಮ್ಮಲ್ಲಿ ಈಗ ಕೆಲಸ ಹೀಗೆ ಸಾಗುತ್ತದೆ. ಫಿಲ್ಟರ್ ಹಾಕುವುದು ಕಸ ತೆಗೆಯಲು ಮಾತ್ರ: ಒಂದೇ ಬೆಲೆ ತುಂಬಿದ ಕಾಲಂ, ಇನ್ನೊಂದರ ನಕಲಾದ ಕಾಲಂ. ಅಂಕ ಕಡಿಮೆ ಅಂತ ಯಾವುದನ್ನೂ ಈ ಹಂತದಲ್ಲಿ ಬಿಡುವುದಿಲ್ಲ. ಅಂಕ ವಿಪರೀತ ಜಾಸ್ತಿ ಬಂದರೆ ಮಾತ್ರ ಅನುಮಾನ ಪಡುತ್ತೇವೆ. ಆ ಕಾಲಂ ಯಾವ ತಾರೀಖಿಗೆ ತುಂಬಿದ್ದು ಅಂತ ನೋಡಬೇಕು. ದಂಡದ ಕಾಲಂ ಈ ತಿಂಗಳ ಬೌನ್ಸ್ ಆದ ಮೇಲೆ ತುಂಬಿದ್ದಾದರೆ ಅದು ಊಹೆಯಲ್ಲ, ಉತ್ತರವೇ.

ಆಮೇಲೆ ವಸೂಲಿಯವರ ಜೊತೆ ಕೂತು ಯಾವ ಕಾಲಂ ಯಾವುದರ ಜೊತೆ ಹೋಗುತ್ತದೆ ಅಂತ ಕೇಳುತ್ತೇವೆ. ಸಂಬಳ ಮತ್ತು ದಿನ 'ಬೇರೆ ಬೇರೆಯೇ?' ಅಂತ ಒಂದು ಹೊಸ ಕಾಲಂ ಸೇರಿಸಿದರೆ ನಮ್ಮ ಟೇಬಲ್‌ನಲ್ಲಿ ಅದರ ಕೋರಿಲೇಶನ್ ನೇರವಾಗಿ 1. ಆಗ ಫಿಲ್ಟರ್‌ಗೂ ಕಾಣುತ್ತದೆ, ಲ್ಯಾಸೊಗೂ ಕಾಣುತ್ತದೆ, ಫಾರ್ವರ್ಡ್ ಮೊದಲ ಸುತ್ತಿಗೇ ಎತ್ತಿಕೊಳ್ಳುತ್ತದೆ. ಹೀಗೆ ಕೇಳಿ ಕಟ್ಟಿದ ಕಾಲಂಗಳ ಮೇಲೆ ಟ್ರೀ ಆಧಾರದ ಮಾಡೆಲ್ ಓಡಿಸಿ ಪಟ್ಟಿಯನ್ನು 15ರ ಆಸುಪಾಸಿಗೆ ಇಳಿಸುತ್ತೇವೆ. ಬ್ಯಾಕ್‌ವರ್ಡ್ ಬರುವುದು ಅಲ್ಲಿಂದ ಮುಂದೆ, `SequentialFeatureSelector`ಗೆ `direction="backward"` ಕೊಟ್ಟು.

ಕೊನೆಗೆ ಪ್ರತಿ ಮಡಿಕೆಯಲ್ಲಿ ಯಾವ ಕಾಲಂ ಉಳಿಯಿತು ಅಂತ ಎಣಿಸುತ್ತೇವೆ. ಐದರಲ್ಲಿ ಐದು ಸಲವೂ ಉಳಿದದ್ದರ ಬಗ್ಗೆ ಚರ್ಚೆ ಇಲ್ಲ. ಒಂದೇ ಸಲ ಕಾಣಿಸಿಕೊಂಡದ್ದನ್ನು ಬಿಡುತ್ತೇವೆ. ಎರಡು ಕಾಲಂ ಸರದಿಯ ಮೇಲೆ ಬಂದು ಹೋಗುತ್ತಿದ್ದರೆ ಅವು ಹೆಚ್ಚಾಗಿ 'ತಪ್ಪಿದೆ', 'ದಂಡ'ದಂಥ ಅವಳಿಗಳು. ಆಗ ಶಾಖೆಯವರು ಯಾವುದನ್ನು ತಪ್ಪದೆ, ಸಮಯಕ್ಕೆ ಸರಿಯಾಗಿ ತುಂಬುತ್ತಾರೋ ಅದನ್ನು ಇಟ್ಟುಕೊಂಡು ಇನ್ನೊಂದನ್ನು ಕೈಬಿಡುತ್ತೇವೆ.