ಹಂಪಿ ಗೋಪುರದ ಫೋಟೊ: ಒಂದು ಅಂತಸ್ತಿನ ಗುರುತು ಸಿಕ್ಕಿತು

ವಿರೂಪಾಕ್ಷ ಗುಡಿಯ ಪೂರ್ವ ಗೋಪುರದ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಭಾಗಭಾಗಕ್ಕೂ ಹೆಸರು ಬರೆಯುವ ಕೆಲಸ ಈ ಸಲ ಚೆನ್ನಾಗಿ ಮುಂದೆ ಹೋಯಿತು. ಮುಗಿದ ಮೇಲೆ ಕಲಬುರಗಿಯ ನಮ್ಮ ಓಣಿಯ ವಾಚನಾಲಯದ ಗೋಡೆಗೆ ಹಾಕಬೇಕು. ನಮ್ಮ ಕಡೆಯವರಿಗೆ ಹುಮನಾಬಾದ್ ಹತ್ತಿರದ ಜಲಸಂಗಿಯಂಥ ಚಾಲುಕ್ಯರ ಗುಡಿಗಳ ರೂಢಿ ಹೆಚ್ಚು. ಅಲ್ಲಿ ಶಿಲಾಬಾಲಿಕೆಯರು ಕಲ್ಲಿನ ಗೋಡೆಯಲ್ಲಿ ಎದುರಿಗೇ ನಿಂತಿರುತ್ತಾರೆ. ಸುಮಾರು 50 ಮೀಟರ್ ಎತ್ತರದ ಗೋಪುರದ ಮುಂದೆ ಮಾತ್ರ ಕಣ್ಣು ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ.

ಪ್ರಿಂಟ್ ನೋಡಿದ ಪಕ್ಕದ ಮನೆಯ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ, "ಕಾಕಾ, ಇದ್ರಾಗ ಅಂತಸ್ತು ಎಷ್ಟ್ ಅವ್ರೀ?" ಒಂಬತ್ತು ನೆಲೆಯ ಗೋಪುರ ಎಂದು ಇದಕ್ಕೆ ಹೆಸರು. ಆದರೆ ಬೊಂಬೆಗಳ ಸಾಲು ಹಿಡಿದು ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಒಂದೇ ಅಂತಸ್ತಿನಲ್ಲಿ ಮೇಲೊಂದು ಕೆಳಗೊಂದು ಸಾಲು ಇರಬಹುದು. ನಡುವೆ ಒಂದರ ಮೇಲೊಂದು ಬರುವ ಬಾಗಿಲಿನಂಥ ಕಿಂಡಿಗಳನ್ನು ನೋಡಬೇಕು. ಇಟ್ಟಿಗೆಯ ಭಾಗದಲ್ಲಿ ಒಂದು ಕಿಂಡಿ ಎಂದರೆ ಒಂದು ಅಂತಸ್ತು. ತಳದ ಭಾಗ ಪೂರಾ ಕಲ್ಲು. ಅದರ ಮೇಲಿನದೆಲ್ಲ ಇಟ್ಟಿಗೆ ಮತ್ತು ಗಾರೆ. ಅಷ್ಟು ಎತ್ತರವನ್ನೂ ಕಲ್ಲಿನಲ್ಲೇ ಕಟ್ಟಿದರೆ ಕೆಳಗಿನ ಹೆಬ್ಬಾಗಿಲ ಮೇಲೆ ಬೀಳುವ ಭಾರ ವಿಪರೀತ. ಫೋಟೊದಲ್ಲಿ ಈ ಗಡಿ ಸ್ಪಷ್ಟ: ಕಲ್ಲಿನಲ್ಲಿ ಅಂಚುಗಳು ಚೂಪು, ಗಾರೆಯಲ್ಲಿ ಮೆತ್ತಗೆ, ದುಂಡಗೆ.

ಈಗ ಪೂರ್ತಿ ಗೋಪುರ ಬಿಟ್ಟು ಇಟ್ಟಿಗೆಯ ಒಂದೇ ಅಂತಸ್ತನ್ನು ಹಿಡಿದಿದ್ದೇನೆ, ಉಳಿದವು ಅದರದೇ ಕಿರಿದಾದ ಪ್ರತಿಗಳು. ಕೆಳಗೆ ಗೋಡೆ, ಅದರಲ್ಲಿ ಚಪ್ಪಟೆ ಅರೆಗಂಬಗಳು. ಅವುಗಳ ಮೇಲೆ ಮುಂದಕ್ಕೆ ಚಾಚಿ ಕೆಳಕ್ಕೆ ಬಾಗಿದ ಸೂರು, ಶಿಲ್ಪಿಗಳು ಹೇಳುವ ಕಪೋತ. ಕಪೋತದ ಮೇಲೆ ಸುತ್ತಲೂ ಪುಟ್ಟ ಗುಡಿಗಳ ಸಾಲು ಇರುತ್ತದೆ, ಅದೇ ಹಾರ. ಮೂಲೆಯಲ್ಲಿ ಚೌಕ ತಳದ, ಗುಮ್ಮಟದಂಥ ತಲೆಯ ಕೂಟ. ನಡುವೆ ಉದ್ದನೆಯ, ಕಮಾನಿನ ಚಾವಣಿಯ ಶಾಲಾ. ಇವುಗಳ ಮಧ್ಯೆ ಕಿರಿದಾದ ಪಂಜರ. ಈ ಮೂರನ್ನು ಬೇರೆಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಗುರುತಿಸಿದ ಕೂಡಲೇ ಬೊಂಬೆಗಳ ಗದ್ದಲ ಅಡಗಿತು. ಪ್ರತಿಯೊಂದು ಅಂತಸ್ತೂ ದೇವರುಗಳ ಮನೆಗಳ ಒಂದು ಓಣಿ, ಬೊಂಬೆಗಳು ಆ ಮನೆಗಳ ಮುಂದೆ ನಿಂತವರು. ಇಡೀ ಗೋಪುರದ ತುದಿಯಲ್ಲಿರುವುದೂ ಒಂದು ದೊಡ್ಡ ಶಾಲಾ ಚಾವಣಿಯೇ. ಗೋಪುರದ ತಳ ಆಯತಾಕಾರ, ದಾರಿ ಅದರ ಉದ್ದ ಬದಿಯನ್ನು ಹಾಯ್ದು ಹೋಗುತ್ತದೆ. ಹಾಗಾಗಿ ತುದಿಯ ಏಣು ದಾರಿಗೆ ಅಡ್ಡ, ಇಲ್ಲಿ ದಕ್ಷಿಣೋತ್ತರವಾಗಿದೆ. ಕಳಶಗಳು ಆ ಏಣಿನ ಮೇಲೆಯೇ ಸಾಲಾಗಿ ನಿಲ್ಲುತ್ತವೆ.

ಬೊಂಬೆಗಳಲ್ಲಿ ಮೊದಲು ಹುಡುಕಬೇಕಾದವರು ದ್ವಾರಪಾಲಕರು. ಕಿಂಡಿಯ ಎಡಬಲದಲ್ಲಿ, ಉಳಿದವರಿಗಿಂತ ದೊಡ್ಡದಾಗಿ ಇರುತ್ತಾರೆ. ಒಂದು ಕಾಲು ಮಡಿಸಿ ಗದೆಗೆ ಒರಗಿಸಿ, ಒಂದು ಕೈಯ ತೋರುಬೆರಳೆತ್ತಿ ಗದರಿಸುವ ಭಂಗಿ. ಮೇಲಿನ ಎರಡು ಕೈಗಳಲ್ಲಿ ಶಂಖ ಚಕ್ರ ಕಂಡರೆ ವಿಷ್ಣುವಿನ ಬಾಗಿಲು. ತ್ರಿಶೂಲ, ಡಮರು ಇದ್ದರೆ ಶಿವನದು. ಕಷ್ಟವೆಂದರೆ, ಗಾರೆಯ ಬೊಂಬೆಯಲ್ಲಿ ಮಳೆ ಬಿಸಿಲಿಗೆ ಮೊದಲು ಉದುರುವುದೇ ಹೊರಕ್ಕೆ ಚಾಚಿದ ಕೈ ಮತ್ತು ಆಯುಧ. ಅಂಥ ಕಡೆ ಕಾಲಿನ ಭಂಗಿಯೇ ಆಧಾರ. ರಿಪೇರಿಯಲ್ಲಿ ಹೊಸದಾಗಿ ಗಾರೆ ಮೆತ್ತಿ ಸುಣ್ಣ ಬಳಿದಿದ್ದರೆ ಮುಖ, ಕಿರೀಟಗಳನ್ನು ನೋಡಿ ಕಾಲ ನಿರ್ಧರಿಸಲೇಬಾರದು. ಆಯುಧ ಕಾಣದ ಬೊಂಬೆಗೆ ನನ್ನ ಹಾಳೆಯಲ್ಲಿ ದೇವರ ಹೆಸರಿಲ್ಲ, "ನಿಂತ ಪುರುಷ", "ಚಾಮರ ಹಿಡಿದವಳು" ಎಂದಷ್ಟೇ ಬರೆದಿದ್ದೇನೆ.

ಫೋಟೊದ ಮಿತಿ ಇನ್ನೊಂದಿದೆ. ಇದು ರಥಬೀದಿಯಲ್ಲಿ ಗುಡಿಯ ಸಮೀಪ ನಿಂತು ತಲೆಯೆತ್ತಿ ತೆಗೆದದ್ದು. ಅಂತಸ್ತುಗಳು ಮೇಲೆ ಹೋದಂತೆ ನಿಜಕ್ಕೂ ಅಗಲ, ಎತ್ತರ ಎರಡರಲ್ಲೂ ಕಡಿಮೆಯಾಗುತ್ತವೆ. ಕ್ಯಾಮೆರಾ ಅದನ್ನು ಮತ್ತೂ ಕುಗ್ಗಿಸಿದೆ. ಮುಂಚಾಚಿದ ಕಪೋತಗಳು ಅವುಗಳ ಮೇಲೆ ನಿಂತ ಬೊಂಬೆಗಳ ಪಾದಗಳನ್ನು ಮುಚ್ಚಿಬಿಟ್ಟಿವೆ. ಪರೀಕ್ಷೆ ಸುಲಭ: ಪಾದ ಕಾಣದಿದ್ದರೆ ಆ ಅಂತಸ್ತಿನ ಎತ್ತರ ಅಳೆಯುವುದು ವ್ಯರ್ಥ. ಹೇಮಕೂಟದ ಬಂಡೆಗಳ ಮೇಲಿಂದ ಗೆಳೆಯರೊಬ್ಬರು ತೆಗೆದ ಚಿತ್ರ ಈಗ ಸಿಕ್ಕಿದೆ. ಅದರಲ್ಲಿ ಮೇಲಿನ ಅಂತಸ್ತುಗಳು ಅಷ್ಟು ಕುಗ್ಗಿಲ್ಲ, ಎತ್ತರದ ಅಳತೆಗೆ ಅದೇ ಸರಿ. ಎದುರಿನ ಬೊಂಬೆಗಳಿಗೆ ಮಾತ್ರ ರಥಬೀದಿಯ ಚಿತ್ರವೇ ಬೇಕು.

ಹಾಳೆಯ ಮೇಲೆ ಒಂದು ಎಚ್ಚರಿಕೆಯನ್ನೂ ಬರೆದಿದ್ದೇನೆ: ಒಳಪ್ರಾಕಾರದ ಚಿಕ್ಕ ರಾಯಗೋಪುರ ಬೇರೆ, 1510ರಲ್ಲಿ ಕೃಷ್ಣದೇವರಾಯನ ಹೆಸರಿಗೆ ಸೇರುವುದು ಅದು. ಮುಂದಿನ ಕೆಲಸ ಬಲಮೂಲೆಯ ಕೂಟಗಳದು. ಅಲ್ಲಿ ನೆರಳು ದಟ್ಟವಾಗಿದೆ, ಬೆಳಗಿನ ಬಿಸಿಲು ಪೂರ್ವಮುಖಕ್ಕೆ ಬೀಳುವಾಗ ತೆಗೆದ ಫೋಟೊ ಯಾರ ಬಳಿಯಾದರೂ ಇದ್ದರೆ ಕಳಿಸಿರಿ.